p(x+1) − p(x) = x: ಇದನ್ನು ಒಪ್ಪುವ ಎಲ್ಲ ಬಹುಪದೋಕ್ತಿಗಳನ್ನೂ ಡಿಗ್ರಿಯ ತರ್ಕದಿಂದ ಕಂಡುಹಿಡಿಯುವುದು

ಈ ಲೆಕ್ಕದಲ್ಲಿ ಉತ್ತರ ಬಹಳ ಮಂದಿಗೆ ಬರುತ್ತದೆ, ಪೂರ್ತಿ ಅಂಕ ಮಾತ್ರ ಬರುವುದಿಲ್ಲ. ಲೆಕ್ಕ ಹೀಗಿದೆ: x ನ ಎಲ್ಲ ವಾಸ್ತವ ಬೆಲೆಗಳಿಗೂ

p(x+1) − p(x) = x

ಆಗುವಂಥ, ವಾಸ್ತವ ಸಹಗುಣಕಗಳಿರುವ ಎಲ್ಲ ಬಹುಪದೋಕ್ತಿಗಳನ್ನು ಕಂಡುಹಿಡಿಯಿರಿ.

ಉತ್ತರ ಪತ್ರಿಕೆಯ ಮೊದಲ ಸಾಲಿನಲ್ಲೇ "p(x) = ax² + bx + c ಆಗಿರಲಿ" ಎಂದು ಬರೆದಿರುತ್ತಾರೆ. ಮುಂದಿನ ನಾಲ್ಕೈದು ಸಾಲಿನಲ್ಲಿ a, b ಸಿಗುತ್ತವೆ, ಕೆಳಗೆ ಎರಡು ಗೆರೆ ಎಳೆದು ಮುಗಿಸುತ್ತಾರೆ. ಕೇಳಿದ್ದು ಒಂದು ಬಹುಪದೋಕ್ತಿಯನ್ನಲ್ಲ, ಎಲ್ಲವನ್ನೂ. ಮೂರನೇ ಡಿಗ್ರಿಯದೋ ಹದಿನೇಳನೇ ಡಿಗ್ರಿಯದೋ ಯಾಕೆ ಆಗಬಾರದು ಎಂಬ ಪ್ರಶ್ನೆಗೆ ಆ ಪುಟದಲ್ಲಿ ಎಲ್ಲೂ ಉತ್ತರವಿಲ್ಲ. "ಆಗಿರಲಿ" ಎಂಬ ಒಂದೇ ಪದದಲ್ಲಿ ಲೆಕ್ಕದ ಮುಕ್ಕಾಲು ಪಾಲು ಹಾರಿಹೋಗಿದೆ. ಹಾರಿಹೋದ ಆ ಭಾಗವನ್ನು ಯಾವ ಕ್ರಮದಲ್ಲಿ ಬರೆಯಬೇಕು ಎಂಬುದನ್ನೇ ಇಲ್ಲಿ ಹೇಳುತ್ತಿದ್ದೇನೆ.

## ಶುರುಮಾಡುವ ಮುನ್ನ ಗೊತ್ತಿರಬೇಕಾದದ್ದು

ಮೂರು ಸಂಗತಿ ಸಾಕು. ಒಂದು, (x+1)² ಮತ್ತು (x+1)³ ವಿಸ್ತರಿಸಲು ಬರಬೇಕು. (x+1)ⁿ ವಿಸ್ತರಣೆಯಲ್ಲಿ ಮೊದಲ ಎರಡು ಪದ xⁿ + n xⁿ⁻¹ ಎಂಬುದೂ ತಿಳಿದಿರಬೇಕು. ದ್ವಿಪದ ಪ್ರಮೇಯದ ಉಳಿದ ಪದಗಳ ಹಂಗು ಈ ಲೆಕ್ಕಕ್ಕಿಲ್ಲ.

ಎರಡು, x ನ ಎಲ್ಲ ಬೆಲೆಗಳಿಗೂ ಎರಡು ಬಹುಪದೋಕ್ತಿಗಳು ಸಮವಾಗಿದ್ದರೆ ಅವುಗಳ ಒಂದೊಂದು ಘಾತದ ಸಹಗುಣಕವೂ ಸಮ. ಮೂರು, ಡಿಗ್ರಿ n ಇರುವ ಬಹುಪದೋಕ್ತಿಗೆ n ಗಿಂತ ಹೆಚ್ಚು ಶೂನ್ಯತೆಗಳಿರಲು ಸಾಧ್ಯವಿಲ್ಲ. ಈ ಮೂರನೆಯದು ಕೊನೆಯಲ್ಲಿ ಇನ್ನೊಂದು ದಾರಿ ನೋಡುವಾಗ ಬೇಕಾಗುತ್ತದೆ.

## ಹಂತ 1: p(x+1) ಎಂದರೇನು ಎಂದು ಖಚಿತ ಮಾಡಿಕೊಳ್ಳಿ

p(x+1) ಎಂದರೆ p ಯಲ್ಲಿ x ಇರುವ ಕಡೆಯಲ್ಲೆಲ್ಲ (x+1) ಹಾಕುವುದು. p(x) + 1 ಅಲ್ಲ, p(x) + p(1) ಕೂಡ ಅಲ್ಲ. p(x) = x² + 3x ಆಗಿದ್ದರೆ p(x+1) = (x+1)² + 3(x+1) = x² + 5x + 4. ಇದರಲ್ಲಿ p(x) ಕಳೆದರೆ 2x + 4 ಉಳಿಯುತ್ತದೆ.

ತಪ್ಪು ನುಸುಳಿದ್ದರೆ ಗುರುತು ಬೇಗ ಸಿಗುತ್ತದೆ. p(x+1) ಅನ್ನು p(x) + 1 ಎಂದುಕೊಂಡವರಿಗೆ ಎಡಭಾಗ 1 ಆಗಿ, "1 = x, ಆದ್ದರಿಂದ ಪರಿಹಾರವಿಲ್ಲ" ಎಂದು ಬರುತ್ತದೆ. p(x) + p(1) ಎಂದುಕೊಂಡವರಿಗೂ ಎಡಭಾಗದಲ್ಲಿ ಬರೀ ಒಂದು ಸ್ಥಿರಾಂಕ ಉಳಿಯುತ್ತದೆ. x ಮಾಯವಾಗಿದ್ದು ಕಂಡರೆ ಮುಂದೆ ಹೋಗಬೇಡಿ, ಇದೇ ಹಂತಕ್ಕೆ ಹಿಂದಿರುಗಿ.

## ಹಂತ 2: ಒಂದೊಂದೇ ಘಾತದ ವ್ಯತ್ಯಾಸ ತೆಗೆದು ನೋಡಿ

ಇಡೀ p ಯನ್ನು ಒಟ್ಟಿಗೆ ಹಿಡಿಯುವ ಮೊದಲು 1, x, x², x³, x⁴ ಇವುಗಳನ್ನು ಬೇರೆಬೇರೆಯಾಗಿ ತೆಗೆದುಕೊಂಡು, x ಜಾಗದಲ್ಲಿ x+1 ಹಾಕಿ, ಹಳೆಯದನ್ನು ಕಳೆಯಿರಿ. ಬರುವುದು ಇಷ್ಟು:

```
1   ->  0
x   ->  1
x²  ->  2x + 1
x³  ->  3x² + 3x + 1
x⁴  ->  4x³ + 6x² + 4x + 1
```

ಈ ಐದು ಸಾಲನ್ನು ಕೈಯಾರೆ ಬರೆಯಿರಿ. ಮುಂದಿನ ತರ್ಕವೆಲ್ಲ ಇದರಲ್ಲೇ ಇದೆ. ಬಲಭಾಗದಲ್ಲಿ ಮೇಲಿನ ಘಾತ ಪ್ರತಿ ಸಲವೂ ಸರಿಯಾಗಿ ಒಂದು ಇಳಿದಿದೆ, ಅದರ ಮುಂದೆ ಹಳೆಯ ಘಾತವೇ ಸಹಗುಣಕವಾಗಿ ಕೂತಿದೆ. ಸಾಮಾನ್ಯವಾಗಿ ಹೇಳುವುದಾದರೆ xᵏ ನಿಂದ ಬರುವುದು k xᵏ⁻¹ ಮತ್ತು ಅದಕ್ಕಿಂತ ಕೆಳಗಿನ ಘಾತಗಳು.

ಅವಕಲನ ಕಲಿತವರಿಗೆ ಮೊದಲ ಪದ ಪರಿಚಿತ. ಆದರೆ ಅದನ್ನು ನೆಚ್ಚಿಕೊಂಡು x ನ ಅನುಕಲನ x²/2 ಅಲ್ಲವೇ, ಉತ್ತರ x²/2 + c ಎಂದು ಬರೆದರೆ ಲೆಕ್ಕ ಕೆಟ್ಟಿತು. x²/2 ಹಾಕಿ ನೋಡಿ: ವ್ಯತ್ಯಾಸ x + 1/2 ಬರುತ್ತದೆ, x ಅಲ್ಲ. ಅವಕಲನದಲ್ಲಿ ಇಲ್ಲದ ಬಾಲ ಇಲ್ಲಿದೆ, ಅದನ್ನು ಹಂತ 5ರಲ್ಲಿ ಸರಿದೂಗಿಸಬೇಕು.

## ಹಂತ 3: ಸ್ಥಿರ ಬಹುಪದೋಕ್ತಿಗಳನ್ನು ಮೊದಲೇ ಬದಿಗಿಡಿ

p ಒಂದು ಸ್ಥಿರಾಂಕವಾಗಿದ್ದರೆ (ಸೊನ್ನೆಯೂ ಸೇರಿ) p(x+1) − p(x) = 0. ಅದು x ಗೆ ಸಮವಲ್ಲ. ಆದ್ದರಿಂದ ಇಂಥವು ಯಾವುವೂ ಪರಿಹಾರವಲ್ಲ.

ಇದು ಒಂದೇ ಸಾಲು, ಆದರೆ ಬಿಡುವಂತಿಲ್ಲ. ಮುಂದಿನ ಹಂತದಲ್ಲಿ "ಡಿಗ್ರಿ ಒಂದು ಇಳಿಯುತ್ತದೆ" ಎನ್ನುತ್ತೇವೆ. ಡಿಗ್ರಿ ಸೊನ್ನೆಯಾಗಿದ್ದರೆ ಇಳಿಯಲು ಜಾಗವೇ ಇಲ್ಲ, ಹಾಗಾಗಿ ಅಲ್ಲಿ n ≥ 1 ಎಂದು ಷರತ್ತು ಹಾಕಲೇಬೇಕು. ಆ ಷರತ್ತು ಹಾಕುವ ಹಕ್ಕು ಈ ಸಾಲಿನಿಂದ ಬರುತ್ತದೆ.

## ಹಂತ 4: ಡಿಗ್ರಿ ಸರಿಯಾಗಿ ಒಂದೇ ಇಳಿಯುತ್ತದೆ ಎಂದು ಸಾಧಿಸಿ

ಲೆಕ್ಕದ ನಿಜವಾದ ಕೆಲಸ ಇಲ್ಲಿದೆ. p ಯ ಡಿಗ್ರಿ n ಎನ್ನೋಣ, n ≥ 1. ಅತಿ ಮೇಲಿನ ಪದ a xⁿ, ಇಲ್ಲಿ a ≠ 0.

ವ್ಯತ್ಯಾಸದಲ್ಲಿ xⁿ ಉಳಿಯುವುದಿಲ್ಲ, ಏಕೆಂದರೆ p(x+1) ನಲ್ಲೂ p(x) ನಲ್ಲೂ ಅದರ ಸಹಗುಣಕ a. ಹಾಗಾದರೆ xⁿ⁻¹ ನ ಸಹಗುಣಕ ಎಷ್ಟು? a xⁿ ಎಂಬ ಪದದಿಂದ n·a ಬರುತ್ತದೆ. p ಯ ಉಳಿದ ಪದಗಳಿಂದ ಏನಾದರೂ ಬಂದು ಇದನ್ನು ಹೊಡೆದುಹಾಕೀತೇ? ಈ ಅನುಮಾನ ಬರುವುದು ಸಹಜ, ಬರಲೂಬೇಕು. ಉಳಿದ ಪದಗಳಲ್ಲಿ ಅತಿ ದೊಡ್ಡ ಘಾತ n−1 ಇರಬಹುದು. ಅದರ ವ್ಯತ್ಯಾಸ ತೆಗೆದಾಗ ಅದು n−2 ಕ್ಕೆ ಇಳಿದಿರುತ್ತದೆ. ಅಂದರೆ xⁿ⁻¹ ನ ಮನೆಗೆ a xⁿ ಬಿಟ್ಟು ಬೇರೆ ಯಾರೂ ಬರುವುದಿಲ್ಲ. ಅಲ್ಲಿನ ಸಹಗುಣಕ n·a ಯೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

n ಸೊನ್ನೆಯಲ್ಲ, a ಸೊನ್ನೆಯಲ್ಲ, ಆದ್ದರಿಂದ n·a ≠ 0. ಹಾಗಾಗಿ p(x+1) − p(x) ನ ಡಿಗ್ರಿ ಖಂಡಿತವಾಗಿ n−1.

ಈಗ ಬಲಭಾಗ ನೋಡಿ. x ನ ಡಿಗ್ರಿ 1, ಸಹಗುಣಕವೂ 1. ಹೋಲಿಸಿದರೆ n − 1 = 1, ಅಂದರೆ n = 2. ಜತೆಗೆ n·a = 1, ಅಂದರೆ a = 1/2. "p(x) = ax² + bx + c" ಎಂದು ಬರೆಯುವ ಹಕ್ಕು ನಮಗೆ ಸಿಗುವುದು ಈಗ.

ಇಲ್ಲಿ ಆಗುವ ದೊಡ್ಡ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. "xⁿ ಪದಗಳು ಪರಸ್ಪರ ಕಳೆದುಹೋಗುತ್ತವೆ, ಆದ್ದರಿಂದ ವ್ಯತ್ಯಾಸದ ಡಿಗ್ರಿ ಹೆಚ್ಚೆಂದರೆ n−1, ಆದ್ದರಿಂದ n = 2" ಎಂದು ಬರೆಯುವವರು ಬಹಳ. ಮೊದಲ ಎರಡು ಮಾತು ಸರಿ, ಮೂರನೆಯದು ಅವುಗಳಿಂದ ಹೊರಡುವುದಿಲ್ಲ. ಡಿಗ್ರಿ ಹೆಚ್ಚೆಂದರೆ n−1 ಎಂದಷ್ಟೇ ಗೊತ್ತಿದ್ದರೆ ಸಿಗುವುದು 1 ≤ n − 1, ಅಂದರೆ n ಕನಿಷ್ಠ 2. ಮೂರು, ನಾಲ್ಕು, ನೂರು ಎಲ್ಲವೂ ಇನ್ನೂ ಬಾಗಿಲ ಬಳಿಯೇ ನಿಂತಿವೆ. ಅವುಗಳನ್ನು ಹೊರಗಟ್ಟುವುದು n·a ≠ 0 ಎಂಬ ಮಾತು ಮಾತ್ರ. ನಿಮ್ಮ ಉತ್ತರದಲ್ಲಿ ಈ ಮಾತು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಆಗದಿದ್ದರೆ ಸಾಧನೆ ಅಪೂರ್ಣ.

ನಂಬಿಕೆ ಬಾರದಿದ್ದರೆ ಒಂದು ಘನ ಬಹುಪದೋಕ್ತಿ ಹಾಕಿ ನೋಡಿ. p(x) = ax³ + bx² + cx + d ಎಂದು ತೆಗೆದುಕೊಂಡು ಹಂತ 2ರ ಸಾಲುಗಳನ್ನು ಬಳಸಿದರೆ ವ್ಯತ್ಯಾಸ ಹೀಗೆ ಬರುತ್ತದೆ:

3a x² + (3a + 2b) x + (a + b + c)

ಇದು x ಗೆ ಸಮವಾಗಬೇಕಾದರೆ x² ನ ಸಹಗುಣಕ ಸೊನ್ನೆಯಾಗಬೇಕು: 3a = 0, ಅಂದರೆ a = 0. b, c ಗಳನ್ನು ಏನೇ ತಿರುಗಿಸಿದರೂ ಆ 3a ಗೆ ಅವು ಮುಟ್ಟುವುದಿಲ್ಲ. ಡಿಗ್ರಿ ನೂರಿದ್ದರೂ ನಡೆಯುವುದು ಇದೇ. ಆದರೆ ಘನದ ಈ ಪರೀಕ್ಷೆ ನಿಮ್ಮ ಸಮಾಧಾನಕ್ಕೆ ಮಾತ್ರ, ಸಾಮಾನ್ಯ n ಗೆ ಮಾಡಿದ ಸಾಧನೆಯ ಬದಲಿಗೆ ಇದನ್ನು ಬರೆಯಬೇಡಿ.

## ಹಂತ 5: ಉಳಿದ ಸಹಗುಣಕಗಳನ್ನು ಹೊಂದಿಸಿ

ಈಗ p(x) = x²/2 + bx + c. ಸಾಲು ಸಾಲಾಗಿ ವ್ಯತ್ಯಾಸ ತೆಗೆಯಿರಿ. x²/2 ಕೊಡುವುದು x + 1/2. bx ಕೊಡುವುದು b. c ಕೊಡುವುದು 0. ಒಟ್ಟು:

p(x+1) − p(x) = x + 1/2 + b

ಇದು x ಆಗಬೇಕಾದರೆ 1/2 + b = 0, ಅಂದರೆ b = −1/2. c ಎಲ್ಲೂ ಕಾಣಿಸಲಿಲ್ಲ, ಆದ್ದರಿಂದ ಅದರ ಮೇಲೆ ಯಾವ ನಿರ್ಬಂಧವೂ ಇಲ್ಲ.

p(x) = x²/2 − x/2 + c = x(x−1)/2 + c, ಇಲ್ಲಿ c ಯಾವ ವಾಸ್ತವ ಸಂಖ್ಯೆಯೂ ಆಗಬಹುದು.

"c ಸಿಗಲಿಲ್ಲ, ಆದ್ದರಿಂದ c = 0" ಎಂದು ಬರೆಯುವವರಿದ್ದಾರೆ. ಸಮೀಕರಣದಲ್ಲಿ ಕಾಣಿಸದ ಸಂಖ್ಯೆ ಸೊನ್ನೆಯಲ್ಲ, ಸ್ವತಂತ್ರ. p(0) = 5 ಎಂದೋ p(3) = 10 ಎಂದೋ ಲೆಕ್ಕದಲ್ಲಿ ಇನ್ನೊಂದು ಷರತ್ತು ಕೊಟ್ಟಿದ್ದರೆ ಮಾತ್ರ c ಗೆ ಒಂದು ಬೆಲೆ ಬರುತ್ತದೆ. ಎರಡನೆಯದರಲ್ಲಿ 3·2/2 + c = 10, ಆದ್ದರಿಂದ c = 7.

ಪೂರ್ಣಾಂಕ ಸಹಗುಣಕಗಳೇ ಬೇಕು ಎಂದು ಪ್ರಶ್ನೆಯಲ್ಲಿದ್ದರೆ ಉತ್ತರ "ಇಲ್ಲ", ಏಕೆಂದರೆ a = 1/2 ಬಿಟ್ಟು ಬೇರೆ ದಾರಿಯಿಲ್ಲ. c ಪೂರ್ಣಾಂಕವಾಗಿದ್ದಾಗ, x ಗೆ ಪೂರ್ಣಾಂಕ ಹಾಕಿದರೆ p(x) ಪೂರ್ಣಾಂಕವೇ ಬರುತ್ತದೆ ಎಂಬುದು ಬೇರೆ ಮಾತು. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

## ಹಂತ 6: ತಾಳೆ ನೋಡಿ

ಇಲ್ಲಿಯವರೆಗೆ ಸಾಧಿಸಿದ್ದು "ಪರಿಹಾರವಿದ್ದರೆ ಅದು ಈ ರೂಪದಲ್ಲೇ ಇರಬೇಕು" ಎಂದು. ಈ ರೂಪದ್ದೆಲ್ಲ ನಿಜಕ್ಕೂ ಪರಿಹಾರವೇ ಎಂದು ಒಂದು ಸಾಲಿನಲ್ಲಿ ತೋರಿಸಿ:

(x+1)x/2 − x(x−1)/2 = x[(x+1) − (x−1)]/2 = x·2/2 = x

ಚಿಹ್ನೆ ತಪ್ಪಿದ್ದರೆ ಹಿಡಿಯಲು x = 0 ಹಾಕುವುದು ಎಲ್ಲಕ್ಕಿಂತ ಸುಲಭ. ಸಮೀಕರಣದ ಪ್ರಕಾರ p(1) − p(0) = 0, ಅಂದರೆ p(0) ಮತ್ತು p(1) ಒಂದೇ ಆಗಿರಬೇಕು. 1 ರಿಂದ n ವರೆಗಿನ ಮೊತ್ತದ ಸೂತ್ರ ನೆನಪಿಟ್ಟುಕೊಂಡು x(x+1)/2 ಎಂದು ಬರೆದವರಿಗೆ p(0) = 0, p(1) = 1 ಬರುತ್ತದೆ. ಅಲ್ಲಿಗೆ ಗೊತ್ತಾಯಿತು. ಆ ಸೂತ್ರ p(x+1) − p(x) = x + 1 ಎಂಬ ಬೇರೆ ಸಮೀಕರಣದ್ದು.

ಆದರೆ x ಗೆ ಒಂದೆರಡು ಸಂಖ್ಯೆ ಹಾಕಿ ಸರಿಬಂತು ಎಂದರೆ ಅದು ತಪ್ಪು ಹಿಡಿಯುವ ಜಾಲರಿ ಮಾತ್ರ, ಸಾಧನೆಯಲ್ಲ. ಉತ್ತರದಲ್ಲಿ ಬರೆಯಬೇಕಾದದ್ದು ಮೇಲಿನ ಬೀಜಗಣಿತದ ಸಾಲು.

## ಇನ್ನೊಂದು ದಾರಿ, ಮತ್ತು ಅದರಲ್ಲಿ ಬಿಟ್ಟುಹೋಗುವ ಕೊಂಡಿ

ಕೆಲವರು ಡಿಗ್ರಿಯ ಗೋಜಿಗೇ ಹೋಗುವುದಿಲ್ಲ. x ಗೆ 0, 1, 2 ಎಂದು n−1 ವರೆಗೆ ಹಾಕಿ, ಬಂದ ಸಮೀಕರಣಗಳನ್ನೆಲ್ಲ ಕೂಡುತ್ತಾರೆ. ಎಡಭಾಗದಲ್ಲಿ ನಡುವಿನವೆಲ್ಲ ಕಳೆದುಹೋಗಿ p(n) − p(0) ಉಳಿಯುತ್ತದೆ. ಬಲಭಾಗ 0 + 1 + … + (n−1) = n(n−1)/2. ಹಾಗಾಗಿ p(n) = n(n−1)/2 + p(0).

ಚೆನ್ನಾದ ದಾರಿ. ಆದರೆ ಹೆಚ್ಚಿನವರು ಇಲ್ಲೇ ನಿಂತು, n ಇದ್ದ ಕಡೆ x ಬರೆದು ಮುಗಿಸುತ್ತಾರೆ. ಇಷ್ಟರಿಂದ ಗೊತ್ತಾಗಿರುವುದು 1, 2, 3 ಇಂಥ ಸ್ವಾಭಾವಿಕ ಸಂಖ್ಯೆಗಳಲ್ಲಿ p ಯ ಬೆಲೆ ಮಾತ್ರ. x = 1/2 ರಲ್ಲಿ ಏನಾಗುತ್ತದೆ? ಕೊಂಡಿ ಹೀಗೆ ಹಾಕಬೇಕು: p(x) − x(x−1)/2 − p(0) ಎಂಬುದು ಒಂದು ಬಹುಪದೋಕ್ತಿ, ಎಲ್ಲ ಸ್ವಾಭಾವಿಕ ಸಂಖ್ಯೆಗಳೂ ಅದರ ಶೂನ್ಯತೆಗಳು. ಸೊನ್ನೆಯಲ್ಲದ ಬಹುಪದೋಕ್ತಿಗೆ ಅಷ್ಟೊಂದು ಶೂನ್ಯತೆಗಳಿರಲಾರವು, ಆದ್ದರಿಂದ ಅದು ಸೊನ್ನೆಯೇ.

p ಬಹುಪದೋಕ್ತಿಯಾಗಿರಬೇಕು ಎಂಬ ಷರತ್ತು ತೆಗೆದರೆ ಈ ಕೊಂಡಿ ಮುರಿಯುತ್ತದೆ. x(x−1)/2 + sin(2πx) ತೆಗೆದುಕೊಳ್ಳಿ. x ಒಂದು ಹೆಚ್ಚಾದರೆ sin(2πx) ಬದಲಾಗುವುದಿಲ್ಲ, ಆದ್ದರಿಂದ ಸಮೀಕರಣ ಎಲ್ಲ x ಗೂ ಸರಿಯಾಗಿಯೇ ಇರುತ್ತದೆ. ಪೂರ್ಣಾಂಕಗಳಲ್ಲಿ ನೋಡಿದರೆ ಇದಕ್ಕೂ ನಮ್ಮ ಉತ್ತರಕ್ಕೂ ವ್ಯತ್ಯಾಸವೇ ಕಾಣದು, ಆದರೂ ಇದು ಬೇರೆಯೇ ಉತ್ಪನ್ನ. ಎರಡು ದಾರಿಗಳಲ್ಲಿ ನನಗೆ ಡಿಗ್ರಿಯದೇ ಹೆಚ್ಚು ಇಷ್ಟ. ಬಲಭಾಗದಲ್ಲಿ x⁷ ಕೊಟ್ಟರೂ ಅದು ಮೊತ್ತದ ಸೂತ್ರ ಕೇಳುವುದಿಲ್ಲ, p ಯ ಡಿಗ್ರಿ 8 ಎಂದೂ ಮೊದಲ ಸಹಗುಣಕ 1/8 ಎಂದೂ ಮೊದಲೇ ಹೇಳಿಬಿಡುತ್ತದೆ.

## ಡಿಗ್ರಿಯ ತರ್ಕ ಎಲ್ಲಿ ಕೈಕೊಡುತ್ತದೆ

n ಮತ್ತು a ಸೊನ್ನೆಯಲ್ಲದಿದ್ದರೆ n·a ಸೊನ್ನೆಯಲ್ಲ ಎಂದೆವು. ವಾಸ್ತವ, ಭಾಗಲಬ್ಧ, ಸಂಕೀರ್ಣ ಸಂಖ್ಯೆಗಳಲ್ಲಿ ಇದು ನಿಜ. ಸಹಗುಣಕಗಳು 3 ರಿಂದ ಭಾಗಿಸಿದ ಶೇಷಗಳಾಗಿದ್ದರೆ (0, 1, 2 ಮಾತ್ರ, 3 ಎಂದರೆ 0) ನಿಜವಲ್ಲ. ಅಲ್ಲಿ n = 3 ಆದಾಗ n·a = 0 ಆಗಿಬಿಡುತ್ತದೆ.

ಪರಿಣಾಮ ನೇರವಾಗಿ ಕಾಣುತ್ತದೆ. p(x) = x³ + 2x² ತೆಗೆದುಕೊಂಡರೆ ವ್ಯತ್ಯಾಸ 3x² + 3x + 1 + 4x + 2, ಅಂದರೆ 3x² + 7x + 3. ಶೇಷಗಳ ಲೆಕ್ಕದಲ್ಲಿ ಇದು 0 + x + 0, ಅಂದರೆ x. ಡಿಗ್ರಿ ಮೂರಿರುವ ಪರಿಹಾರ! ಪ್ರಶ್ನೆಯಲ್ಲಿ "ವಾಸ್ತವ ಸಹಗುಣಕಗಳು" ಎಂದಿರುವುದು ಅಲಂಕಾರಕ್ಕಲ್ಲ. ಶೇಷಗಳ ಮೇಲಿನ ಪ್ರಶ್ನೆಯಾದರೆ ಹಂತ 4 ಅನ್ನು ಹಾಗೇ ನಕಲು ಮಾಡಬೇಡಿ.

## ಇದೇ ಅಚ್ಚಿನ ಲೆಕ್ಕಗಳನ್ನು ಮಾಡುವಾಗ

ಬಲಭಾಗ x² ಆದರೆ ಕ್ರಮ ಬದಲಾಗುವುದಿಲ್ಲ. n − 1 = 2, ಆದ್ದರಿಂದ n = 3, 3a = 1. p(x) = x³/3 + bx² + cx + d ಹಾಕಿದರೆ ವ್ಯತ್ಯಾಸ x² + (1 + 2b)x + (1/3 + b + c). ಮೇಲಿನಿಂದ ಕೆಳಕ್ಕೆ ಬನ್ನಿ: b = −1/2, ಆಮೇಲೆ c = 1/6, d ಸ್ವತಂತ್ರ. ಯಾವಾಗಲೂ ದೊಡ್ಡ ಘಾತದಿಂದಲೇ ಇಳಿಯಿರಿ, ಒಂದೊಂದು ಸಾಲಿನಲ್ಲಿ ಹೊಸ ಅಜ್ಞಾತ ಒಂದೇ ಇರುತ್ತದೆ.

ಎಡಭಾಗ ಬದಲಾದರೆ ಮಾತ್ರ ಎಚ್ಚರ ಬೇಕು. p(x+1) + p(x) = x ಎಂದು ಕೊಟ್ಟಾಗಲೂ "ಡಿಗ್ರಿ ಒಂದು ಇಳಿಯುತ್ತದೆ, ಆದ್ದರಿಂದ n = 2" ಎಂದು ಬರೆದವರಿದ್ದಾರೆ. ಇಲ್ಲಿ xⁿ ಪದಗಳು ಕಳೆದುಹೋಗುವುದಿಲ್ಲ, ಕೂಡಿ 2a ಆಗುತ್ತವೆ. ಡಿಗ್ರಿ ಇಳಿಯುವುದೇ ಇಲ್ಲ, ಆದ್ದರಿಂದ n = 1, a = 1/2. p(x) = x/2 + b ಹಾಕಿದರೆ x + 1/2 + 2b = x, ಅಂದರೆ b = −1/4. ಈ ಸಲ ಸ್ಥಿರ ಪದವೂ ನಿರ್ಧಾರವಾಗಿದೆ, ಪರಿಹಾರ ಒಂದೇ ಒಂದು: x/2 − 1/4. ಅಭ್ಯಾಸಬಲದಿಂದ ಕೊನೆಗೆ "+ c" ಸೇರಿಸಿದರೆ ತಪ್ಪಾಗುತ್ತದೆ, ಏಕೆಂದರೆ ಆ c ಎಡಭಾಗದಲ್ಲಿ 2c ಆಗಿ ಉಳಿದುಕೊಳ್ಳುತ್ತದೆ.